ಸಿನಿಮಾ ತುಣುಕು: ವಿಮರ್ಶೆಯಲ್ಲಿ ಎಷ್ಟು, ಪಾಠದಲ್ಲಿ ಎಷ್ಟು?

ಡೊಂಬಿವಲಿಯಲ್ಲಿ ಕನ್ನಡ ಕಲಿಸುವ ಒಬ್ಬ ಅಧ್ಯಾಪಕಿ 'ನಾಗರಹಾವು' ಚಿತ್ರದ ಬಗ್ಗೆ ಎರಡು ವಿಡಿಯೊ ಮಾಡಲು ಹೊರಟಿದ್ದಾರೆ ಎಂದುಕೊಳ್ಳೋಣ. ಒಂದು ತನ್ನ ವಿದ್ಯಾರ್ಥಿಗಳಿಗಾಗಿ. ತ.ರಾ.ಸು. ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಹೇಗೆ ಸಿನಿಮಾ ಮಾಡಿದರು ಎಂಬ ಪಾಠ ಅದು. ಇನ್ನೊಂದು ಯೂಟ್ಯೂಬಿಗೆ. ಅದೇ ವಿಷಯವನ್ನು ಥಾಣೆ, ಕಲ್ಯಾಣ, ವಾಶಿಯ ಕನ್ನಡಿಗರಷ್ಟೇ ಅಲ್ಲದೆ ಊರಿನವರೂ ನೋಡುವಂತೆ ವಿಮರ್ಶೆಯಾಗಿ ಹೇಳುವುದು. ಎರಡಕ್ಕೂ ಚಿತ್ರದ ದೃಶ್ಯಗಳು ಬೇಕು. ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಹೆಗಲ ಮೇಲೆ ಕೈಯಿಟ್ಟು ಮಾತಾಡುವ ರೀತಿಯನ್ನು ಮಾತಿನಲ್ಲಿ ವರ್ಣಿಸಿದರೆ ಸಾಲದು, ತೋರಿಸಬೇಕು. ಆದರೆ ಆ ದೃಶ್ಯ ಇನ್ನೊಬ್ಬರ ಸ್ವತ್ತು.

ಹಾಗಾದರೆ ಎಷ್ಟು ತೋರಿಸಬಹುದು? ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಸೆಕೆಂಡಿನ ಲೆಕ್ಕ ಹೇಳುತ್ತಾರೆ. ಹತ್ತು ಸೆಕೆಂಡ್ ಆದರೆ ಪರವಾಗಿಲ್ಲ, ಮೂವತ್ತರವರೆಗೆ ನಡೆಯುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಭಾರತದ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಲೆಕ್ಕ ಎಲ್ಲೂ ಇಲ್ಲ. 1957ರ ಈ ಕಾಯ್ದೆ ತುಣುಕಿನ ಉದ್ದಕ್ಕಿಂತ ಮೊದಲು ಅದನ್ನು ಯಾವ ಕೆಲಸಕ್ಕೆ, ಯಾರ ಮುಂದೆ ಬಳಸಿದಿರಿ ಎಂದು ಕೇಳುತ್ತದೆ. ಈ ಎರಡು ಪ್ರಶ್ನೆಗಳಿಗೆ ಪಾಠದ ವಿಡಿಯೊ ಕೊಡುವ ಉತ್ತರ ಬೇರೆ, ವಿಮರ್ಶೆಯ ವಿಡಿಯೊ ಕೊಡುವ ಉತ್ತರ ಬೇರೆ. ಆದ್ದರಿಂದ ಒಂದೇ ದೃಶ್ಯ ಒಂದರಲ್ಲಿ ಪೂರ್ತಿ ಇರಬಹುದು, ಇನ್ನೊಂದರಲ್ಲಿ ಅದರ ಕಾಲು ಭಾಗವೂ ಹೆಚ್ಚಾಗಬಹುದು.

ಸೆಕೆಂಡಿನ ನಂಬಿಕೆ

ಕಾಯ್ದೆಯ 14ನೇ ಕಲಮಿನ ಪ್ರಕಾರ ಚಿತ್ರದ ನಕಲು ಮಾಡುವ ಹಕ್ಕು ಮಾಲೀಕರದು. ಆ ನಕಲಿನಲ್ಲಿ ಚಿತ್ರದ ಒಂದು ಫ್ರೇಮಿನ ಫೋಟೊ ಕೂಡ ಸೇರಿದೆ. ಅಂದರೆ ಒಂದು ನಿಶ್ಚಲ ಚಿತ್ರಕ್ಕೂ ತಾತ್ತ್ವಿಕವಾಗಿ ಅನುಮತಿ ಬೇಕು. ಚಿಕ್ಕದು ಎಂಬ ಕಾರಣಕ್ಕೇ ಯಾವ ತುಣುಕೂ ಪಾರಾಗುವುದಿಲ್ಲ. 2024ರ ನವೆಂಬರಿನಲ್ಲಿ ನಟಿ ನಯನತಾರಾ ಕುರಿತ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರದಲ್ಲಿ 'ನಾನುಮ್ ರೌಡಿ ದಾನ್' ಚಿತ್ರೀಕರಣದ ಮೂರು ಸೆಕೆಂಡಿನ ದೃಶ್ಯ ಬಂದದ್ದಕ್ಕೆ, ಆ ಚಿತ್ರದ ನಿರ್ಮಾಪಕ ಧನುಷ್ ಕಡೆಯಿಂದ 10 ಕೋಟಿ ರೂಪಾಯಿ ಕೇಳುವ ನೋಟಿಸು ಹೋಗಿತ್ತು. ಆ ಜಗಳದಲ್ಲಿ ಯಾರ ಪಕ್ಷ ಸರಿ ಎಂಬುದು ಬೇರೆ ವಿಚಾರ. ಮೂರು ಸೆಕೆಂಡಿಗೂ ನೋಟಿಸು ಬರಬಹುದು ಎಂಬುದಂತೂ ಸ್ಪಷ್ಟವಾಯಿತು.

ತೀರಾ ಅಲ್ಪವಾದದ್ದನ್ನು ನ್ಯಾಯಾಲಯಗಳು ಕೆಲವೊಮ್ಮೆ ಕೈಬಿಟ್ಟದ್ದೂ ಉಂಟು. ಇಂಡಿಯಾ ಟಿವಿ ಮತ್ತು ಯಶ್‌ರಾಜ್ ಫಿಲ್ಮ್ಸ್ ನಡುವಿನ ಮೊಕದ್ದಮೆಯಲ್ಲಿ ದಿಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರ ಆಗಸ್ಟಿನಲ್ಲಿ ಹೀಗೆ ಮಾಡಿತು. ಗಾಯಕಿಯೊಬ್ಬರ ಸಂದರ್ಶನದಲ್ಲಿ ಅವರು ತಮ್ಮ ಹಾಡುಗಳ ಒಂದೆರಡು ಸಾಲು ಹಾಡಿದ್ದರು, ಹಿಂದೆ ಆಯಾ ಚಿತ್ರಗಳ ದೃಶ್ಯ ಹಾದುಹೋಗಿತ್ತು. ಹಾನಿ ಎಷ್ಟು, ಉದ್ದೇಶವೇನು ಎಂದೆಲ್ಲ ತೂಗಿ ನೋಡಿದ ಪೀಠ, ಇಷ್ಟು ಸಣ್ಣ ಬಳಕೆ ದಾವೆಗೆ ಯೋಗ್ಯವಲ್ಲ ಎಂದಿತು. ಅಲ್ಲಿಯೂ ಸೆಕೆಂಡ್ ಎಣಿಸಿ ಗೆರೆ ಎಳೆಯಲಿಲ್ಲ. ಹಾಗಾಗಿ ಚಿಕ್ಕದೆಂಬ ವಾದವನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಬೇಕೇ ಹೊರತು ಅದರ ಮೇಲೆ ವಿಡಿಯೊ ಕಟ್ಟಬಾರದು. ಕಟ್ಟಬೇಕಾದದ್ದು 52ನೇ ಕಲಮಿನ ಮೇಲೆ.

ವಿಮರ್ಶೆಗೆ ಕಾಯ್ದೆ ಕೊಟ್ಟ ಜಾಗ

ಯಾವ ಯಾವ ಕೆಲಸ ಕಾಪಿರೈಟ್ ಉಲ್ಲಂಘನೆ ಅಲ್ಲ ಎಂದು 52ನೇ ಕಲಂ ಪಟ್ಟಿ ಮಾಡುತ್ತದೆ. ಅದರ ಮೊದಲ ಉಪಖಂಡ 52(1)(ಎ) ನ್ಯಾಯೋಚಿತ ಬಳಕೆಯದು. ವಕೀಲರು ಫೇರ್ ಡೀಲಿಂಗ್ ಎನ್ನುವುದು ಇದನ್ನೇ. ಖಾಸಗಿ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಈ ಮೂರು ಉದ್ದೇಶಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಅಮೆರಿಕದ ಫೇರ್ ಯೂಸ್ ನಿಯಮದಲ್ಲಿ ಉದ್ದೇಶಗಳ ಪಟ್ಟಿ ತೆರೆದಿದೆ, ನಮ್ಮಲ್ಲಿ ಮುಚ್ಚಿದೆ. ಯೂಟ್ಯೂಬಿನ ಇಂಗ್ಲಿಷ್ ಸಲಹೆಗಳನ್ನು ಓದಿಕೊಂಡು ಕೆಲಸ ಮಾಡುವವರು ಎಡವುವುದು ಇಲ್ಲಿಯೇ. 'ಟಾಪ್ ಹತ್ತು ಫೈಟು', 'ಕಣ್ಣೀರು ತರಿಸುವ ದೃಶ್ಯಗಳು', ದೃಶ್ಯ ನೋಡುತ್ತಾ ಮುಖಭಾವ ತೋರಿಸುವ ವಿಡಿಯೊ ಇವೆಲ್ಲ ನಮ್ಮ ಪಟ್ಟಿಯ ಯಾವ ಉದ್ದೇಶಕ್ಕೂ ಸುಲಭವಾಗಿ ಹೊಂದುವುದಿಲ್ಲ.

ಸಿನಿಮಾಕ್ಕೆ ಈ ಅವಕಾಶ ಸಿಕ್ಕಿದ್ದೇ ಈಚೆಗೆ. 2012ರವರೆಗೆ ಈ ಉಪಖಂಡ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗೆ ಸೀಮಿತವಾಗಿತ್ತು. ಆ ವರ್ಷದ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿ ಅದನ್ನು ಕಂಪ್ಯೂಟರ್ ಪ್ರೋಗ್ರಾಮ್ ಬಿಟ್ಟು ಎಲ್ಲ ಕೃತಿಗಳಿಗೂ ವಿಸ್ತರಿಸಿತು. ಇದೇ ಉದ್ದೇಶಕ್ಕಾಗಿ ಕೃತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ ಎಂಬ ವಿವರಣೆಯೂ ಸೇರಿತು. ಎಡಿಟಿಂಗ್ ಮಾಡುವಾಗ ತುಣುಕಿನ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರಲೇಬೇಕಲ್ಲ, ಅದಕ್ಕೆ ಈ ವಿವರಣೆ ರಕ್ಷಣೆ.

ವಿಮರ್ಶೆ ಎಂದ ಮಾತ್ರಕ್ಕೆ ಬಳಕೆ ನ್ಯಾಯೋಚಿತವಾಗುವುದಿಲ್ಲ. ಅದನ್ನು ತೂಗುವ ಬಗೆಯನ್ನು 1996ರಲ್ಲಿ ಕೇರಳ ಹೈಕೋರ್ಟ್ ಸಿವಿಕ್ ಚಂದ್ರನ್ ಮೊಕದ್ದಮೆಯಲ್ಲಿ ಹೇಳಿತು. ತೋಪ್ಪಿಲ್ ಭಾಸಿ ಅವರ ಪ್ರಸಿದ್ಧ ಮಲಯಾಳಂ ನಾಟಕವನ್ನು ಟೀಕಿಸಲು ಸಿವಿಕ್ ಚಂದ್ರನ್ ಒಂದು ಪ್ರತಿನಾಟಕ ಬರೆದು, ಮೂಲದ ಪಾತ್ರಗಳನ್ನೂ ಮಾತುಗಳನ್ನೂ ಬಳಸಿದ್ದರು. ನ್ಯಾಯಾಲಯ ಮೂರು ಅಂಶ ನೋಡಿತು: ಟೀಕೆಗೆ ಹೋಲಿಸಿದರೆ ತೆಗೆದುಕೊಂಡದ್ದು ಎಷ್ಟು ಮತ್ತು ಎಷ್ಟು ಮುಖ್ಯವಾದದ್ದು, ಯಾವ ಉದ್ದೇಶಕ್ಕೆ ತೆಗೆದುಕೊಂಡದ್ದು, ಹೊಸ ಕೃತಿ ಹಳೆಯದರ ಜೊತೆ ಪೈಪೋಟಿಗೆ ನಿಲ್ಲುತ್ತದೆಯೇ. ಚಂದ್ರನ್ ಗೆದ್ದರು. ಮೂಲವನ್ನು ತೆಗೆದುಕೊಂಡದ್ದು ಅದರೊಂದಿಗೆ ವಾದ ಮಾಡಲಿಕ್ಕೆ, ಅದನ್ನೇ ಮತ್ತೆ ಆಡಲಿಕ್ಕಲ್ಲ.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಥಾಣೆಯಿಂದ ನವಿಮುಂಬಯಿಯವರೆಗಿನ ಎಲ್ಲ ನ್ಯಾಯಾಲಯಗಳೂ ಯಾರ ಅಧೀನದಲ್ಲಿವೆಯೋ ಆ ಬಾಂಬೆ ಹೈಕೋರ್ಟ್ 2022ರಲ್ಲಿ ಶೆಮಾರೂ ಕಂಪನಿ ಮತ್ತು ನ್ಯೂಸ್ ನೇಷನ್ ವಾಹಿನಿಯ ವ್ಯಾಜ್ಯ ಕೇಳಿತು. ಶೆಮಾರೂ ಹಕ್ಕು ಹೊಂದಿದ್ದ ಚಿತ್ರಗಳ ತುಣುಕುಗಳನ್ನು ವಾಹಿನಿ ಮೊದಲು ಪರವಾನಗಿ ಪಡೆದು ಬಳಸುತ್ತಿತ್ತು. ಒಪ್ಪಂದ ಮುಗಿದ ಮೇಲೂ ಬಳಕೆ ನಿಲ್ಲಲಿಲ್ಲ. ನ್ಯಾಯೋಚಿತ ಬಳಕೆ, ಅಲ್ಪ ಬಳಕೆ ಎಂಬ ವಾದಗಳನ್ನು ನ್ಯಾಯಾಲಯ ಒಪ್ಪದೆ ತಡೆಯಾಜ್ಞೆ ಕೊಟ್ಟಿತು. ಕಾರ್ಯಕ್ರಮವನ್ನು ರಂಜನೀಯ ಮಾಡಲು ಬಳಸಿದ ದೃಶ್ಯಕ್ಕೆ ಪರವಾನಗಿ ಬೇಕು. ನಾವು ಮಾತಾಡುತ್ತಿರುವುದು ಆ ದೃಶ್ಯದ ಬಗ್ಗೆಯೇ ಆಗಿದ್ದರೆ ಮಾತ್ರ ವಿಮರ್ಶೆಯ ರಕ್ಷಣೆ ಹತ್ತಿರ ಬರುತ್ತದೆ.

'ನಾಗರಹಾವು' ವಿಮರ್ಶೆ: ಒಂದು ಎಡಿಟಿಂಗ್

ಈಗ ನಮ್ಮ ಅಧ್ಯಾಪಕಿಯ ಯೂಟ್ಯೂಬ್ ವಿಡಿಯೊ ನೋಡೋಣ. ಚಿತ್ರ ಬಂದದ್ದು 1972ರಲ್ಲಿ. ಚಿತ್ರದ ಕಾಪಿರೈಟ್ ಬಿಡುಗಡೆಯ ಮರುವರ್ಷದ ಆರಂಭದಿಂದ 60 ವರ್ಷ, ಅಂದರೆ 2032ರ ಡಿಸೆಂಬರ್ 31ರವರೆಗೆ ಇದೆ. 2018ರಲ್ಲಿ ಹೊಸ ತಂತ್ರಜ್ಞಾನದ ಹೊಳಪು ಪಡೆದು ಮತ್ತೆ ಚಿತ್ರಮಂದಿರಕ್ಕೂ ಬಂದಿತ್ತು. ಹಳೆಯದಾದರೂ ಇನ್ನೂ ದುಡಿಯುವ ಚಿತ್ರ, ಮಾಲೀಕರಿಗೆ ಅದರ ಮಾರುಕಟ್ಟೆ ಇದೆ. ವಿಡಿಯೊದ ವಾದ ಇದು: ಕಾದಂಬರಿಯ ರಾಮಾಚಾರಿಗೂ ಚಿತ್ರದ ರಾಮಾಚಾರಿಗೂ ಇರುವ ಅಂತರಕ್ಕೆ ಚಾಮಯ್ಯ ಮೇಷ್ಟ್ರ ಪಾತ್ರವನ್ನು ಪುಟ್ಟಣ್ಣ ಬೆಳೆಸಿದ ರೀತಿಯೇ ಕಾರಣ. ತ.ರಾ.ಸು. ಅವರಿಗೆ ಚಿತ್ರ ಒಪ್ಪಿಗೆಯಾಗಿರಲಿಲ್ಲ ಎಂಬುದು ಪ್ರಸಿದ್ಧ ವಿಚಾರ, ಹಾಗಾಗಿ ಈ ಹೋಲಿಕೆಗೆ ಗಟ್ಟಿ ವಿಮರ್ಶೆಯ ನೆಲೆ ಇದೆ. ಕಾಯ್ದೆಯೂ ಇಲ್ಲಿ ಉದಾರವಾಗಿದೆ: ವಿಮರ್ಶೆ ಆ ಕೃತಿಯದೇ ಆಗಬೇಕಿಲ್ಲ, ಬೇರೆ ಕೃತಿಯದೂ ಆಗಬಹುದು ಎನ್ನುತ್ತದೆ. ಚಿತ್ರದ ತುಣುಕು ತೋರಿಸಿ ಕಾದಂಬರಿಯನ್ನು ವಿಮರ್ಶಿಸಬಹುದು.

ಮೊದಲ ಕರಡು ಹೀಗಿದೆ. ವಿಡಿಯೊ 12 ನಿಮಿಷ. ಆರಂಭದಲ್ಲಿ ಚಿತ್ರದುರ್ಗದ ಕೋಟೆಯ ದೃಶ್ಯಗಳು, ಹಿನ್ನೆಲೆ ಸಂಗೀತದ ಜೊತೆ 40 ಸೆಕೆಂಡ್. ನಡುವೆ ಜಯಂತಿ ಅಭಿನಯದ ಓಬವ್ವನ ಹಾಡು ಪೂರ್ತಿ. ಕೊನೆಯಲ್ಲಿ ಬೆಟ್ಟದ ಮೇಲಿನ ಅಂತ್ಯದ ದೃಶ್ಯ ಸುಮಾರು ಮೂರು ನಿಮಿಷ ಎಡೆಬಿಡದೆ, ಆ ಬಳಿಕ ಅಧ್ಯಾಪಕಿಯ ಎರಡು ವಾಕ್ಯ.

ಈ ಕರಡಿಗೆ ಎರಡು ಪರೀಕ್ಷೆ ಹಾಕಬೇಕು. ಮೊದಲನೆಯದು, ತುಣುಕನ್ನು ತೆಗೆದು ಬರೀ ಮಾತು ಕೇಳುವುದು. ಆಗ ಮಾತಿನಲ್ಲಿ ಏನೂ ಕೊರತೆ ಕಾಣದಿದ್ದರೆ ತುಣುಕು ಅಲಂಕಾರ, ವಿಮರ್ಶೆಗೆ ಬೇಕಾದದ್ದಲ್ಲ. ಎರಡನೆಯದು, ಮಾತನ್ನು ತೆಗೆದು ಬರೀ ತುಣುಕು ನೋಡುವುದು. ಆಗಲೂ ವಿಡಿಯೊ ಕುಳಿತು ನೋಡುವಂತಿದ್ದರೆ ಅದು ಮೂಲ ಚಿತ್ರದ ಪಾಲನ್ನು ಕಸಿಯುತ್ತಿದೆ, ಅಂದರೆ ಪೈಪೋಟಿಗೆ ನಿಂತಿದೆ.

ಕೋಟೆಯ 40 ಸೆಕೆಂಡ್ ಮೊದಲ ಪರೀಕ್ಷೆಯಲ್ಲೇ ಸೋಲುತ್ತದೆ. ಅದರ ಬಗ್ಗೆ ಅಧ್ಯಾಪಕಿ ಏನೂ ಹೇಳುತ್ತಿಲ್ಲ, ವಾತಾವರಣ ಕಟ್ಟಲು ಇಟ್ಟಿದ್ದಾರೆ. ಅದನ್ನು ತೆಗೆದು ಕೋಟೆಯಲ್ಲಿ ತಾವೇ ತೆಗೆದ ಫೋಟೊ ಹಾಕಬಹುದು. ಓಬವ್ವನ ಹಾಡು ಎರಡನೆಯದರಲ್ಲಿ ಸೋಲುತ್ತದೆ. ಆ ಹಾಡಿಗಾಗಿಯೇ ಜನ ಚಿತ್ರ ಹುಡುಕಿ ನೋಡುತ್ತಾರೆ, ಅದು ಇಡಿಯಾಗಿ ಇಲ್ಲಿ ಸಿಕ್ಕರೆ ಅಲ್ಲಿಗೆ ಹೋಗುವ ಅಗತ್ಯವಿಲ್ಲ. ಅಂತ್ಯದ ದೃಶ್ಯ ನಿಜವಾಗಿ ವಾದಕ್ಕೆ ಬೇಕು, ಆದರೆ ಅದರ ಮೇಲೆ ಮಾತಿಲ್ಲದೆ ಹರಿಯಬಿಟ್ಟಿರುವುದು ತೊಂದರೆ. ಚಿತ್ರದ ಹೃದಯದಂಥ ಭಾಗ ತೆಗೆದುಕೊಂಡಾಗ ಸಮರ್ಥನೆಯೂ ಅಷ್ಟೇ ಬಲವಾಗಿರಬೇಕು.

ಎರಡನೇ ಕರಡಿನಲ್ಲಿ ನಾಲ್ಕು ತುಣುಕು ಉಳಿಯುತ್ತವೆ. ಮೇಷ್ಟ್ರು ಮತ್ತು ಶಿಷ್ಯ ಮುಖಾಮುಖಿಯಾಗುವ ಒಂದು ದೃಶ್ಯದಿಂದ 25 ಸೆಕೆಂಡ್, ಇನ್ನೊಂದರಿಂದ 20 ಸೆಕೆಂಡ್. ಓಬವ್ವನ ಭಾಗದಿಂದ ಹಾಡಿನ ಧ್ವನಿ ತೆಗೆದ 12 ಸೆಕೆಂಡ್, ಕ್ಯಾಮೆರಾ ಚಲನೆಯನ್ನು ಅಧ್ಯಾಪಕಿ ವಿವರಿಸುವಷ್ಟು ಹೊತ್ತು. ಅಂತ್ಯದಿಂದ 38 ಸೆಕೆಂಡ್, ಅದೂ ಮೂರು ಕಡೆ ನಿಲ್ಲಿಸಿ, ಮೇಷ್ಟ್ರ ಮುಖ ಯಾವಾಗ ಬದಲಾಗುತ್ತದೆ, ಅದೇ ಘಟ್ಟದಲ್ಲಿ ಕಾದಂಬರಿ ಏನು ಹೇಳುತ್ತದೆ ಎಂದು ಹೋಲಿಸುತ್ತಾ. ಒಟ್ಟು 95 ಸೆಕೆಂಡ್. ಈ ಸಂಖ್ಯೆಯನ್ನು ಮಿತಿ ಎಂದು ಯಾರೂ ನೆನಪಿಟ್ಟುಕೊಳ್ಳಬಾರದು. ಬೇರೊಂದು ವಾದಕ್ಕೆ 40 ಸೆಕೆಂಡೇ ಹೆಚ್ಚಾಗಬಹುದು, ಇನ್ನೊಂದಕ್ಕೆ ನಾಲ್ಕು ನಿಮಿಷವೂ ನ್ಯಾಯವಾಗಬಹುದು. ಪ್ರತಿ ಸೆಕೆಂಡಿಗೂ ಎದುರಾಗಿ ಒಂದು ಮಾತು ನಿಂತಿದೆಯೇ ಎಂಬುದೇ ಅಳತೆ. ಪ್ರತಿ ತುಣುಕಿನ ಮೇಲೆ ಚಿತ್ರದ ಹೆಸರು, ನಿರ್ದೇಶಕ, ವರ್ಷ ಹಾಕುವುದು ಒಳ್ಳೆಯ ರೂಢಿ, ಪ್ರಾಮಾಣಿಕತೆಗೆ ಸಾಕ್ಷಿಯೂ ಹೌದು. ಆದರೆ ಋಣ ಸ್ಮರಿಸಿದ್ದೇವೆ, 'ಹಕ್ಕು ಮೂಲ ಮಾಲೀಕರದು' ಎಂದು ಬರೆದಿದ್ದೇವೆ ಎಂಬುದರಿಂದ ಅನುಮತಿ ಹುಟ್ಟುವುದಿಲ್ಲ.

ತರಗತಿಯಲ್ಲಿ ಲೆಕ್ಕ ಬೇರೆ

ಪಾಠದ ವಿಡಿಯೊಗೆ ಬರೋಣ. ಕಲಿಸುವುದು 52(1)(ಎ) ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಬೇರೆಯೇ ಎರಡು ಉಪಖಂಡಗಳಿವೆ, ಅವು ಒಳಗೆ ಹೆಚ್ಚು ವಿಶಾಲ, ಆದರೆ ಗೋಡೆ ಗಟ್ಟಿ.

52(1)(ಐ) ಪ್ರಕಾರ ಬೋಧನೆಯ ಅವಧಿಯಲ್ಲಿ ಶಿಕ್ಷಕ ಅಥವಾ ವಿದ್ಯಾರ್ಥಿ ಯಾವುದೇ ಕೃತಿಯ ನಕಲು ಮಾಡಬಹುದು, ಪ್ರಶ್ನೆಪತ್ರಿಕೆಯಲ್ಲೂ ಉತ್ತರದಲ್ಲೂ ಬಳಸಬಹುದು. ಬೋಧನೆಯ ಅವಧಿ ಎಂದರೆ ಗಂಟೆ ಹೊಡೆದಾಗಿನಿಂದ ಮತ್ತೆ ಹೊಡೆಯುವವರೆಗಿನ 40 ನಿಮಿಷ ಮಾತ್ರವೇ? ದಿಲ್ಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್ ಮೊದಲಾದ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದಿಲ್ಲಿ ಹೈಕೋರ್ಟ್ 2016ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಪಾಠದ ಸಿದ್ಧತೆಯಿಂದ ಹಿಡಿದು ಇಡೀ ಕಲಿಕೆಯ ಅವಧಿ ಅದರೊಳಗೆ ಬರುತ್ತದೆ, ಬೋಧನೆಯ ಉದ್ದೇಶ ಎಷ್ಟನ್ನು ಸಮರ್ಥಿಸುತ್ತದೋ ಅಷ್ಟು ನಕಲು ಮಾಡಬಹುದು ಎಂದಿತು. ಅದು ಪುಸ್ತಕಗಳ ವ್ಯಾಜ್ಯ. ಆದರೆ 2012ರ ತಿದ್ದುಪಡಿಯ ನಂತರ ಈ ಉಪಖಂಡವೂ ಎಲ್ಲ ಕೃತಿಗಳಿಗೆ ಅನ್ವಯಿಸುವುದರಿಂದ ಸಿನಿಮಾ ತುಣುಕನ್ನೂ ಪಾಠದ ವಿಡಿಯೊದೊಳಗೆ ಸೇರಿಸಲು ಇದೇ ಆಧಾರ.

52(1)(ಜೆ) ತೋರಿಸುವುದರ ಬಗ್ಗೆ. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಸಿನಿಮಾ ತೋರಿಸಬಹುದು, ತಲುಪಿಸಬಹುದು. ಷರತ್ತು ಒಂದೇ: ನೋಡುವವರು ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ ತಾಯಿ ಅಥವಾ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಿಸಿದವರು ಇಷ್ಟೇ ಆಗಿರಬೇಕು. ಇಲ್ಲಿ ಎಷ್ಟು ತುಣುಕು ಎಂಬ ಮಿತಿಯ ಮಾತೇ ಇಲ್ಲ. ಆದ್ದರಿಂದ ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿರಲಿ, ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ ನಡೆಸುವ ಶಾಲೆಯಿರಲಿ, ಇತಿಹಾಸದ ತರಗತಿಯಲ್ಲಿ ಓಬವ್ವನ ಹಾಡನ್ನು ಪೂರ್ತಿ ತೋರಿಸಿದರೆ ಈ ಉಪಖಂಡದ ರಕ್ಷಣೆ ಸಿಗುತ್ತದೆ. ಯೂಟ್ಯೂಬ್ ವಿಮರ್ಶೆಯಲ್ಲಿ ಕತ್ತರಿಸಬೇಕಾಗಿ ಬಂದ ಅದೇ ಹಾಡು ಇದು.

ಗೋಡೆ ಎಲ್ಲಿದೆ ಎಂಬುದನ್ನು ಮಾತ್ರ ಮರೆಯಬಾರದು. ಅಧ್ಯಾಪಕಿ ಪಾಠದ ವಿಡಿಯೊವನ್ನು ಶಾಲೆಯ ಗೂಗಲ್ ಕ್ಲಾಸ್‌ರೂಮಿನಲ್ಲಿ, ಶಾಲೆಯ ಇಮೇಲ್ ಇದ್ದವರಿಗೆ ಮಾತ್ರ ತೆರೆಯುವಂತೆ ಹಾಕಿದರೆ ನೋಡುಗರು ಮಿತಿಯೊಳಗೇ ಇದ್ದಾರೆ. ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಫೈಲು ಕಳಿಸಿದರೆ ಮೊದಲ ದಿನ ಮಿತಿಯೊಳಗೆ, ಯಾರೋ ಮುಂದೆ ಕಳಿಸಿದ ಮೇಲೆ ಹಿಡಿತವಿಲ್ಲ. ಯೂಟ್ಯೂಬಿನಲ್ಲಿ `Unlisted` ಎಂದು ಇಟ್ಟರೆ ಹುಡುಕಾಟದಲ್ಲಿ ಸಿಗುವುದಿಲ್ಲ ನಿಜ, ಆದರೆ ಕೊಂಡಿ ಕೈಗೆ ಸಿಕ್ಕ ಯಾರೂ ನೋಡಬಹುದು. `Private` ಎಂದು ಇಟ್ಟು ಆಯ್ದ ಇಮೇಲುಗಳಿಗೆ ಆಹ್ವಾನ ಕಳಿಸುವುದು ಕಾಯ್ದೆಯ ಮಾತಿಗೆ ಹತ್ತಿರ. `Public` ಎಂದು ಒತ್ತಿದ ಕ್ಷಣ ನೋಡುಗರ ಮಿತಿ ಬಿದ್ದುಹೋಗುತ್ತದೆ, ಜೆ ಉಪಖಂಡದ ಆಸರೆ ಉಳಿಯುವುದಿಲ್ಲ. ಐ ಉಪಖಂಡ ನಕಲಿನ ಮಾತಾಡುತ್ತದೆಯೇ ಹೊರತು ಲೋಕಕ್ಕೆಲ್ಲ ತೋರಿಸುವುದರ ಮಾತಾಡುವುದಿಲ್ಲ. ಕಲಿಯುವವರಿಗೆ ಉಪಕಾರವಾಗಲಿ ಎಂಬ ಒಳ್ಳೆಯ ಮನಸ್ಸು ಇದನ್ನು ಬದಲಿಸದು. ಆದ್ದರಿಂದ ಎರಡು ಆವೃತ್ತಿ ಇಡುವುದೇ ದಾರಿ: ತರಗತಿಗೆ ಉದ್ದನೆಯದು, ಹೊರಗಿನ ಲೋಕಕ್ಕೆ ವಿಮರ್ಶೆಯ ಅಳತೆಯಲ್ಲಿ ಕತ್ತರಿಸಿದ್ದು.

ಎಲ್ಲ ಪಾಠವನ್ನೂ ಹಾಗೆ ಕತ್ತರಿಸಿ ಹೊರಗೆ ತರಲು ಆಗುವುದಿಲ್ಲ. ಕಲ್ಯಾಣದ ಭೌತಶಾಸ್ತ್ರದ ಮೇಷ್ಟ್ರು ನಾಯಕ ಒದ್ದು ಜೀಪು ಹಾರಿಸುವ ದೃಶ್ಯ ತೋರಿಸಿ ಬಲ, ವೇಗ ಕಲಿಸುತ್ತಾರೆ ಎನ್ನಿ. ತರಗತಿಯಲ್ಲಿ ತೊಂದರೆಯಿಲ್ಲ. ಸಾರ್ವಜನಿಕ ವಿಡಿಯೊದಲ್ಲಿ ಅದೇ ದೃಶ್ಯ ಮಕ್ಕಳ ಗಮನ ಸೆಳೆಯುವ ಆಕರ್ಷಣೆ ಮಾತ್ರವಾದರೆ ಅದು ವಿಮರ್ಶೆ ಅಲ್ಲ. ಆ ದೃಶ್ಯದ ಕಟ್ಟುವಿಕೆಯನ್ನೇ ಪ್ರಶ್ನಿಸಿ, ಇಲ್ಲಿ ತೋರಿಸಿದ ವೇಗಕ್ಕೆ ಎಷ್ಟು ಬಲ ಬೇಕಾಗುತ್ತಿತ್ತು, ಚಿತ್ರ ಎಲ್ಲಿ ತಪ್ಪಿತು ಎಂದು ವಿವರಿಸಿದರೆ ವಿಮರ್ಶೆಯ ವಾದ ನಿಲ್ಲುತ್ತದೆ.

ನಮ್ಮ ಸಂಘಗಳಿಗೂ ಇಲ್ಲಿ ಒಂದು ಎಚ್ಚರಿಕೆ ಇದೆ. ರಾಜ್ಯೋತ್ಸವದಂದು ಸಭಾಗೃಹದಲ್ಲಿ ಎಲ್ಲರನ್ನೂ ಕರೆದು ಉಚಿತವಾಗಿ ಸಿನಿಮಾ ತೋರಿಸುವುದು ಜೆ ಉಪಖಂಡದಲ್ಲಿ ಬರುವುದಿಲ್ಲ. ಹವ್ಯಾಸಿ ಸಂಘಗಳು ಟಿಕೆಟ್ಟಿಲ್ಲದೆ ಪ್ರದರ್ಶನ ಕೊಡಲು 52(1)(ಎಲ್) ಅವಕಾಶ ಕೊಡುತ್ತದೆ, ಆದರೆ ಅದು ನಾಟಕ, ಸಾಹಿತ್ಯ, ಸಂಗೀತಕ್ಕೆ ಮಾತ್ರ. ಸಂಘದ ಸದಸ್ಯರು ನಾಟಕ ಆಡಬಹುದು. ಚಿತ್ರ ತೋರಿಸಲು ಹಕ್ಕುದಾರರ ಅನುಮತಿ ಪಡೆಯಬೇಕು.

ಹಾಡಿಗೆ ಬೇರೆ ಯಜಮಾನ

ತುಣುಕಿನಲ್ಲಿ ಹಾಡು ಇದ್ದರೆ ಅಪಾಯ ಇಮ್ಮಡಿ. ಚಿತ್ರ ನಿರ್ಮಾಪಕರದಾದರೆ ಧ್ವನಿಮುದ್ರಣ ಸಾಮಾನ್ಯವಾಗಿ ಆಡಿಯೊ ಕಂಪನಿಯದು, ಸಾಹಿತ್ಯ ಮತ್ತು ಸಂಗೀತದ ಹಕ್ಕುಗಳು ಮತ್ತೆ ಬೇರೆ. ಕನ್ನಡ ಚಿತ್ರರಂಗವೇ ಇದನ್ನು ಈಚೆಗೆ ಕಂಡಿತು. ರಕ್ಷಿತ್ ಶೆಟ್ಟಿ ಅವರ ಸಂಸ್ಥೆ ನಿರ್ಮಿಸಿದ 'ಬ್ಯಾಚುಲರ್ ಪಾರ್ಟಿ'ಯಲ್ಲಿ 'ನ್ಯಾಯ ಎಲ್ಲಿದೆ', 'ಗಾಳಿಮಾತು' ಚಿತ್ರಗಳ ಹಾಡುಗಳ ತುಣುಕು ಬಳಕೆಯಾಗಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ನ್ಯಾಯಾಲಯಕ್ಕೆ ಹೋಯಿತು, 2024ರ ಆಗಸ್ಟಿನಲ್ಲಿ ದಿಲ್ಲಿ ಹೈಕೋರ್ಟ್ 20 ಲಕ್ಷ ರೂಪಾಯಿ ಠೇವಣಿ ಇಡಲು ಹೇಳಿತು. ಅದು ವಿಮರ್ಶೆಯ ಪ್ರಕರಣವಲ್ಲ. ಆದರೂ ಹಾಡಿನ ಮಾಲೀಕರು ಎಷ್ಟು ಎಚ್ಚರವಾಗಿದ್ದಾರೆ ಎಂದು ತಿಳಿಯಲು ಸಾಕು. ನಿಮ್ಮ ಮಾತು ದೃಶ್ಯದ ಬಗ್ಗೆ ಇದ್ದರೆ ಹಾಡಿನ ಧ್ವನಿ ತೆಗೆದುಬಿಡಿ. ಮಾತು ಹಾಡಿನ ಬಗ್ಗೆಯೇ ಇದ್ದರೆ ವಿವರಿಸಬೇಕಾದ ಸಾಲಷ್ಟೇ ಇಡಿ.

ತುಣುಕು ಎಲ್ಲಿಂದ ಬರಬೇಕು

ಮೂಲ ಕದ್ದದ್ದಾದರೆ ಬಳಕೆ ನ್ಯಾಯವಾಗಿತ್ತು ಎಂದು ವಾದಿಸುವುದು ಕಷ್ಟ. ಹೊಸ ಚಿತ್ರದ ವಿಮರ್ಶೆಗೆ ಥಾಣೆಯ ಮಲ್ಟಿಪ್ಲೆಕ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಪರದೆ ಚಿತ್ರಿಸಲೇಬೇಡಿ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದರೆ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ. ವಿಮರ್ಶೆಗೆ ಎಂದು ಆಮೇಲೆ ಸಾಬೀತು ಮಾಡಲು ಹೊರಡುವುದು ಯಾರಿಗೂ ಬೇಡದ ಪಾಡು. ಹೊಸ ಚಿತ್ರಕ್ಕೆ ನಿರ್ಮಾಪಕರೇ ಬಿಟ್ಟ ಟೀಸರ್, ಟ್ರೇಲರ್‌ಗಳಿಂದ ತೆಗೆದುಕೊಳ್ಳುವುದು ಲೇಸು. ಅವಕ್ಕೂ ಕಾಪಿರೈಟ್ ಇದೆ, ಆದರೆ ಕಥೆಯ ಗುಟ್ಟು ಬಯಲಾಗಿ ಮಾರುಕಟ್ಟೆ ಕೆಡುವ ಮಾತು ಬರುವುದಿಲ್ಲ. ಹಳೆಯ ಚಿತ್ರಕ್ಕೆ ಕೊಂಡ ಡಿವಿಡಿ ಅಥವಾ ಹಕ್ಕುದಾರರ ಅಧಿಕೃತ ವಾಹಿನಿ ಒಳ್ಳೆಯ ಮೂಲ. ಒಟಿಟಿಗಳಲ್ಲಿ ನಕಲು ತಡೆಯುವ ಬೀಗ ಇರುತ್ತದೆ. 65ಎ ಕಲಂ ಶಿಕ್ಷಿಸುವುದು ಉಲ್ಲಂಘನೆಯ ಉದ್ದೇಶದಿಂದ ಆ ಬೀಗ ಮುರಿದವರನ್ನು. ವಿಮರ್ಶಕರಿಗೆ ಆ ಉದ್ದೇಶವಿಲ್ಲ ಎಂದು ವಾದಿಸಬಹುದು, ಆದರೆ ಚಂದಾ ಪಡೆಯುವಾಗ ನಾವು ಒಪ್ಪಿದ ಷರತ್ತುಗಳು ಬೇರೆ ಅಡ್ಡಿಯಾಗುತ್ತವೆ.

ಯೂಟ್ಯೂಬಿನ ಎರಡು ಬಗೆಯ ಪೆಟ್ಟು

ಎಷ್ಟೇ ಸರಿಯಾಗಿ ಮಾಡಿದರೂ ವಿಡಿಯೊಗೆ ಆಕ್ಷೇಪ ಬರಬಹುದು. ಯಂತ್ರಕ್ಕೆ ವಿಮರ್ಶೆ ಗೊತ್ತಾಗುವುದಿಲ್ಲ, ಹೊಂದಿಕೆಯಾದ ಧ್ವನಿ, ದೃಶ್ಯ ಮಾತ್ರ ಗೊತ್ತಾಗುತ್ತದೆ. ಬಂದದ್ದು ಯಾವುದು ಎಂದು ಮೊದಲು ಗುರುತಿಸಬೇಕು.

`Content ID` ಮೂಲಕ ಬಂದದ್ದು ಕ್ಲೇಮ್. ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು ಅಥವಾ ವಿಡಿಯೊ ತಡೆಯಬಹುದು, ಆದರೆ ವಾಹಿನಿಗೆ ಕಪ್ಪುಚುಕ್ಕೆ ಬೀಳುವುದಿಲ್ಲ. ಇದನ್ನು ಪ್ರಶ್ನಿಸಿದರೆ ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ ಇರುತ್ತದೆ. ಅವರು ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು, ಆಗ ಅವರಿಗೆ ಏಳು ದಿನ. ಮೇಲ್ಮನವಿಯ ನಂತರ ಅವರು ವಿಡಿಯೊ ತೆಗೆಸುವ ಕೋರಿಕೆ ಸಲ್ಲಿಸಿದರೆ ಅದು ಸ್ಟ್ರೈಕ್ ಆಗುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಇಡೀ ವಾಹಿನಿ ಮುಚ್ಚುತ್ತದೆ. ಶಾಲೆಯ ಎಲ್ಲ ಪಾಠಗಳೂ ಒಂದೇ ವಾಹಿನಿಯಲ್ಲಿದ್ದರೆ ಒಬ್ಬ ಶಿಕ್ಷಕರ ಮೂರು ವಿಡಿಯೊ ಉಳಿದವರ ಕೆಲಸವನ್ನೂ ಕೊಂಡೊಯ್ಯಬಹುದು.

ಸ್ಟ್ರೈಕಿಗೆ ಪ್ರತಿಸೂಚನೆ ಕೊಡಬಹುದು. ಕೊಟ್ಟ ಮೇಲೆ ದೂರುದಾರರು 10 ಕೆಲಸದ ದಿನಗಳೊಳಗೆ ನ್ಯಾಯಾಲಯಕ್ಕೆ ಹೋದ ಪುರಾವೆ ತೋರಿಸದಿದ್ದರೆ ವಿಡಿಯೊ ಮರಳಬಹುದು. ಆದರೆ ಪ್ರತಿಸೂಚನೆಯಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ದೂರುದಾರರ ಕೈಗೆ ಹೋಗುತ್ತದೆ, ಯೂಟ್ಯೂಬ್ ಇರುವ ಅಮೆರಿಕದ ಜಿಲ್ಲೆಯ ನ್ಯಾಯಾಲಯದ ಅಧಿಕಾರವನ್ನೂ ಒಪ್ಪಿದಂತಾಗುತ್ತದೆ. ಮನೆಯ ವಿಳಾಸ ಹಾಕುವ ಮುನ್ನ ವಕೀಲರ ಮಾತು ಕೇಳುವುದು ಉಚಿತ. ಅದಕ್ಕಿಂತ ಮೊದಲು ದೂರುದಾರರಿಗೆ ನೇರವಾಗಿ ಬರೆದು ದೂರು ಹಿಂಪಡೆಯಲು ಕೇಳುವ ದಾರಿ ಇದೆ, ಸಣ್ಣ ವಾಹಿನಿಗಳಿಗೆ ಅದು ಹೆಚ್ಚು ಅನುಕೂಲ.

ಭಾರತದ ಕಾನೂನಿನಡಿ ಜಾಲತಾಣಕ್ಕೆ ದೂರು ಕೊಟ್ಟರೆ ನಿಯಮ ಬೇರೆ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದ ಪ್ರಕಾರ ಜಾಲತಾಣ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು, 21 ದಿನದೊಳಗೆ ನ್ಯಾಯಾಲಯದ ಆದೇಶ ಬರದಿದ್ದರೆ ಮರಳಿ ಹಾಕಬಹುದು. ಇದಕ್ಕಿಂತ ಮುಖ್ಯವಾದದ್ದು, ಬಳಕೆ 52ನೇ ಕಲಮಿನ ವಿನಾಯಿತಿಯಲ್ಲಿ ಬರುವುದಿಲ್ಲ ಎಂಬುದನ್ನು ದೂರುದಾರರೇ ತಮ್ಮ ದೂರಿನಲ್ಲಿ ವಿವರಿಸಬೇಕು. ಉತ್ತರ ಬರೆಯುವಾಗ ಈ ಅಂಶವನ್ನು ಎತ್ತಿ ಕೇಳಬಹುದು.

ನೋಟಿಸು ಬಂದರೆ

ವಕೀಲರ ನೋಟಿಸು ಬಂದಾಗ ಎರಡು ವಿಷಯ ತಿಳಿದಿರಲಿ. ದಾವೆ ಎಲ್ಲಿ ನಡೆಯುತ್ತದೆ ಎಂಬುದು ಮೊದಲನೆಯದು. 62ನೇ ಕಲಮಿನಂತೆ ಹಕ್ಕುದಾರರು ತಾವು ವ್ಯವಹಾರ ನಡೆಸುವ ಊರಿನಲ್ಲೇ ದಾವೆ ಹೂಡಬಹುದು. ಡೊಂಬಿವಲಿಯ ವಿಮರ್ಶಕಿಯ ಮೇಲೆ ಅಂಧೇರಿಯ ಕಂಪನಿ ಬಾಂಬೆ ಹೈಕೋರ್ಟಿನಲ್ಲಿ, ಬೆಂಗಳೂರಿನ ನಿರ್ಮಾಪಕರು ಬೆಂಗಳೂರಿನಲ್ಲಿ ಹೂಡಬಹುದು. ಆ ಓಡಾಟದ ಖರ್ಚೇ ಹಲವರನ್ನು ಸುಮ್ಮನಾಗಿಸುತ್ತದೆ. ಎರಡನೆಯದು 60ನೇ ಕಲಂ. ಆಧಾರವಿಲ್ಲದ ಬೆದರಿಕೆ ಬಂದರೆ, ತನ್ನದು ಉಲ್ಲಂಘನೆಯಲ್ಲ ಎಂಬ ಘೋಷಣೆ, ಬೆದರಿಕೆಗೆ ತಡೆ ಮತ್ತು ನಷ್ಟಪರಿಹಾರ ಕೋರಿ ವಿಮರ್ಶಕರೇ ದಾವೆ ಹೂಡಬಹುದು. ಬೆದರಿಸಿದವರು ತಡಮಾಡದೆ ಉಲ್ಲಂಘನೆಯ ದಾವೆ ಹೂಡಿ ನಡೆಸಿದರೆ ಮಾತ್ರ ಈ ಹಕ್ಕು ಇಲ್ಲ.

ಎರಡು ಸಂದರ್ಭದಲ್ಲೂ ಕೈಹಿಡಿಯುವುದು ಎಡಿಟಿಂಗ್ ಮಾಡಿದ ದಿನವೇ ಬರೆದಿಟ್ಟ ಒಂದು ಹಾಳೆ. ಪ್ರತಿ ತುಣುಕಿಗೆ ಇಷ್ಟು ಸಾಕು:

- ಚಿತ್ರ, ವರ್ಷ, ತುಣುಕು ಎಲ್ಲಿಂದ ತೆಗೆದದ್ದು
- ನಮ್ಮ ವಿಡಿಯೊದಲ್ಲಿ ಎಷ್ಟರಿಂದ ಎಷ್ಟರವರೆಗೆ ಇದೆ, ಹಾಡಿನ ಧ್ವನಿ ಇದೆಯೇ
- ಅದರ ಮೇಲೆ ನಾವು ಹೇಳಿದ ಮಾತೇನು, ಅದಿಲ್ಲದೆ ಆ ಮಾತು ಏಕೆ ನಿಲ್ಲುವುದಿಲ್ಲ
- ಯಾವ ಉಪಖಂಡದ ಆಧಾರ: ವಿಮರ್ಶೆಯ ಎ ಉಪಖಂಡವೋ, ಬೋಧನೆಯ ಐ ಮತ್ತು ಜೆ ಉಪಖಂಡಗಳೋ
- ಯಾರು ನೋಡಬಲ್ಲರು

ಕೊನೆಯ ಎರಡು ಸಾಲು ಒಂದಕ್ಕೊಂದು ಹೊಂದದಿದ್ದರೆ, ಅಂದರೆ ಆಧಾರ ಜೆ ಉಪಖಂಡವಾಗಿದ್ದು ನೋಡುಗರು ಎಲ್ಲರೂ ಆಗಿದ್ದರೆ, ಆ ತುಣುಕನ್ನು ಸಾರ್ವಜನಿಕ ಆವೃತ್ತಿಯಿಂದ ಹೊರತೆಗೆಯಬೇಕು. ಮೂರನೇ ಸಾಲು ಖಾಲಿ ಉಳಿದರೆ ಸಾರ್ವಜನಿಕ ವಿಡಿಯೊದಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಳೆ ತುಂಬಿದ ತುಣುಕುಗಳನ್ನು ಮಾತ್ರ ಧೈರ್ಯವಾಗಿ ಉಳಿಸಿಕೊಳ್ಳಿ. ಅವುಗಳ ಮೇಲೆ ಆಕ್ಷೇಪ ಬಂದಾಗ ಹೆದರಿ ವಿಡಿಯೊ ಅಳಿಸುವ ಮುನ್ನ ಈ ಹಾಳೆಯನ್ನೇ ಉತ್ತರವಾಗಿ ಕಳಿಸಿ, ಏಕೆಂದರೆ ವಿಮರ್ಶೆಗೆ ತೆಗೆದುಕೊಳ್ಳುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ.